ವಿಜ್ಞಾನ ದಿನದ ಮೂರು ನಿಮಿಷದ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕ್ರಾಂತಿ ಮುಗಿದರೆ ಸಾಕು, ವಿಜ್ಞಾನ ದಿನದ ಮೂರು ನಿಮಿಷದ ಮಾತಿನ ಸ್ಪರ್ಧೆಗೆಂದು ಕಲಬುರಗಿಯ ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ಬಾಗಿಲಿಗೆ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. "ಸರ್, ಮೂರು ನಿಮಿಷದಾಗ ಏನ್ ಹೇಳಬೇಕ್ರಿ?" ಒಬ್ಬರಿಗೆ ಹೇಳಿದ್ದನ್ನೇ ಇನ್ನೊಬ್ಬರಿಗೆ ಹೇಳಿ ಬಾಯಿ ಒಣಗಿದೆ, ಅದಕ್ಕೇ ಈ ಸಲ ಬರೆದೇ ಇಡುತ್ತಿದ್ದೇನೆ. ಉದಾಹರಣೆಗೆ ಉದ್ದಕ್ಕೂ ಒಂದೇ ವಿಷಯ ಹಿಡಿದಿದ್ದೇನೆ, ಗಿಡ ನಿಂತಲ್ಲೇ ಬಾಡಿ ಸಾಯುವ ತೊಗರಿಯ ನೆಟೆ ರೋಗ. ಆಳಂದ ಕಡೆಯ ಒಬ್ಬ ವಿದ್ಯಾರ್ಥಿನಿ ಅದರ ಮೇಲೆ ಕೆಲಸ ಮಾಡುತ್ತಿದ್ದಾಳೆ. ಆಕೆಯ ಮಾತು ಹೇಗೆ ಕೆಟ್ಟಿತ್ತು, ಹೇಗೆ ಸರಿಹೋಯಿತು ಎಂಬುದನ್ನು ಆಕೆಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಪ್ರಬಂಧ ಇನ್ನೂ ಸಲ್ಲಿಕೆಯಾಗಿಲ್ಲ, ಹಾಗಾಗಿ ಇಲ್ಲಿರುವ ಅಂಕಿಗಳು ಮಾದರಿಗೆಂದು ನಾನು ಹಾಕಿದವು. ಅವನ್ನು ಯಾರೂ ಎಲ್ಲೂ ಉಲ್ಲೇಖಿಸಬೇಡಿ.

ಈ ಸ್ಪರ್ಧೆಯ ನಿಯಮಗಳೇನು?

ಈ ಪದ್ಧತಿ ಶುರುವಾದದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ, 2008ರಲ್ಲಿ. ಪಿಎಚ್.ಡಿ. ಮಾಡುವವರು ತಮ್ಮ ಇಡೀ ಸಂಶೋಧನೆಯನ್ನು ಆ ವಿಷಯ ಓದದವರಿಗೂ ತಿಳಿಯುವಂತೆ ಮೂರು ನಿಮಿಷದಲ್ಲಿ ಹೇಳಬೇಕು. ಒಂದೇ ಸ್ಲೈಡ್ ಇರಬೇಕು, ಅದರಲ್ಲಿ ಏನೂ ಕುಣಿಯಬಾರದು, ಹಾರಬಾರದು. ವಿಡಿಯೊ, ಧ್ವನಿ ಇಲ್ಲ. ಕೈಯಲ್ಲಿ ವಸ್ತು ಹಿಡಿದು ತೋರಿಸುವಂತಿಲ್ಲ. ಪದ್ಯ, ಹಾಡು ಇಲ್ಲ, ಬರೀ ಮಾತು. ಮೂರು ನಿಮಿಷ ದಾಟಿದರೆ ಸ್ಪರ್ಧೆಯಿಂದಲೇ ಹೊರಗೆ.

ನಮ್ಮಲ್ಲಿ ಎಂ.ಎಸ್ಸಿ. ಮತ್ತು ಬಿ.ಎಸ್ಸಿ. ಕೊನೆಯ ವರ್ಷದವರಿಗೂ ಅವಕಾಶ ಕೊಟ್ಟಿದ್ದೇವೆ. ಉಳಿದ ನಿಯಮ ಬದಲಿಸಿಲ್ಲ. "ಹತ್ತು ಸೆಕೆಂಡು ಬಿಟ್ಟುಬಿಡ್ರಿ ಸರ್" ಎಂದು ಕೇಳಬೇಡಿ, ಬಿಡುವುದಿಲ್ಲ.

ಗಡಿಯಾರ ಯಾವಾಗ ಶುರು?

ನೀವು ಬಾಯಿ ತೆರೆದಾಗ, ಅಥವಾ ಮಾತಿನ ಭಾಗವೆಂಬಂತೆ ಏನಾದರೂ ಚಲನೆ ಮಾಡಿದಾಗ. "ಎಲ್ಲರಿಗೂ ನಮಸ್ಕಾರ, ವೇದಿಕೆ ಮೇಲಿರುವ ಗಣ್ಯರೇ" ಎಂದರೂ ಗಡಿಯಾರ ಓಡುತ್ತಿರುತ್ತದೆ. ಗಣ್ಯರ ಹೆಸರು ಹೇಳುತ್ತಾ ಹೋದ ಹುಡುಗನೊಬ್ಬ ನಲವತ್ತು ಸೆಕೆಂಡು ಕಳೆದುಕೊಂಡದ್ದನ್ನು ನೋಡಿದ್ದೇನೆ. ಅವನ ಪ್ರಯೋಗ ಶುರುವಾಗುವಷ್ಟರಲ್ಲಿ ಗಂಟೆ ಬಾರಿಸಿತು. ಹೆಸರು, ಸ್ವಾಗತ ಎಲ್ಲ ನಿರೂಪಕರ ಕೆಲಸ.

ಇನ್ನೊಂದು ಮಾತು. ಸರ್ ಸಿ.ವಿ. ರಾಮನ್ ಅವರಿಂದ ಶುರು ಮಾಡಬೇಡಿ. 1928ರ ಫೆಬ್ರುವರಿ 28ರ ನೆನಪಿಗೆ ಈ ದಿನ ಬಂತು ಎಂಬುದು ಅಲ್ಲಿ ಕೂತ ಎಲ್ಲರಿಗೂ ಗೊತ್ತು, ಉದ್ಘಾಟನೆ ಮಾಡಿದವರೂ ಅದನ್ನೇ ಹೇಳಿರುತ್ತಾರೆ. ಸ್ಪರ್ಧೆಗೆ ಬಂದ ಹನ್ನೆರಡು ಮಂದಿಯಲ್ಲಿ ಏಳು ಮಂದಿ ಮತ್ತೆ ಅದನ್ನೇ ಹೇಳಿದರೆ, ರಾಮನ್ ಅವರಿಗೂ ಬೇಸರವಾದೀತು.

ಕೇಳುವವರು ಯಾರು? ಎಷ್ಟು ಗೊತ್ತಿರುತ್ತದೆ ಅಂದುಕೊಳ್ಳಲಿ?

ವಾಣಿಜ್ಯ ವಿಭಾಗದ ಅಧ್ಯಾಪಕರು, ಪಿಯುಸಿ ಮಕ್ಕಳು, ಕಚೇರಿಯ ಗುಮಾಸ್ತರು, ಮಗಳ ಮಾತು ಕೇಳಲು ಊರಿಂದ ಬಂದ ತಂದೆತಾಯಿ. ತೀರ್ಪುಗಾರರು ಮೂವರಲ್ಲಿ ಒಬ್ಬರು ಮಾತ್ರ ವಿಜ್ಞಾನದವರು, ಅವರೂ ನಿಮ್ಮ ವಿಷಯದವರಾಗಿರುವುದಿಲ್ಲ. ಇವರೆಲ್ಲ ಬುದ್ಧಿವಂತರೇ, ನಿಮ್ಮ ವಿಷಯದ ಪದಗಳು ಮಾತ್ರ ಗೊತ್ತಿಲ್ಲ. ಪದ ಗೊತ್ತಿಲ್ಲದವರಿಗೆ ಹೇಳುವುದು ಬೇರೆ, ಚಿಕ್ಕ ಮಕ್ಕಳಿಗೆ ಹೇಳುವ ಧ್ವನಿ ಬೇರೆ. ತೊಗರಿಯ ವಿಷಯದಲ್ಲಂತೂ ಎಚ್ಚರ: ನಮ್ಮ ಸಭಾಂಗಣದಲ್ಲಿ ಅರ್ಧಕ್ಕರ್ಧ ಮಂದಿ ತೊಗರಿ ಬಿತ್ತಿದ ಮನೆಯವರು. ನೆಟೆ ರೋಗವನ್ನು ನಿಮಗಿಂತ ಹೆಚ್ಚು ಸಲ ಕಣ್ಣಾರೆ ಕಂಡವರು.

ನನ್ನದು ಎರಡು ವರ್ಷದ ಕೆಲಸ. ಅದರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಎಲ್ಲರೂ ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಆಳಂದದ ಹುಡುಗಿ ಮೊದಲು ತಂದ ಕಾಗದದ ತಲೆಬರಹ ಹೀಗಿತ್ತು: "ಫ್ಯುಸೇರಿಯಂ ಉಡಂ ಉಂಟುಮಾಡುವ ತೊಗರಿ ಸೊರಗು ರೋಗದ ಜೈವಿಕ ನಿಯಂತ್ರಣದಲ್ಲಿ ಸ್ಥಳೀಯ ಟ್ರೈಕೋಡರ್ಮ ಪ್ರಭೇದಗಳ ಪ್ರತಿರೋಧಕ ಸಾಮರ್ಥ್ಯದ ಮೌಲ್ಯಮಾಪನ." ಇದನ್ನು ಓದಿ ಮುಗಿಸುವುದಕ್ಕೇ ಹತ್ತು ಸೆಕೆಂಡು ಬೇಕು. ಒಳಗೆ ಐದು ಕೆಲಸಗಳಿದ್ದವು. ಬೇರೆ ಬೇರೆ ತಾಲೂಕಿನ ಹೊಲಗಳಿಂದ ಮಣ್ಣು ತಂದದ್ದು, ಅದರಿಂದ ರೋಗದ ಶಿಲೀಂಧ್ರವನ್ನು ತಿನ್ನುವ ಟ್ರೈಕೋಡರ್ಮ ಎಂಬ ಇನ್ನೊಂದು ಶಿಲೀಂಧ್ರ ಬೇರ್ಪಡಿಸಿದ್ದು, ಗಾಜಿನ ತಟ್ಟೆಯಲ್ಲಿ ರೋಗದ ಶಿಲೀಂಧ್ರವನ್ನೂ ಇದನ್ನೂ ಎದುರುಬದುರು ಬೆಳೆಸಿದ್ದು, ಕುಂಡದಲ್ಲಿ ಗಿಡದ ಮೇಲೆ ಪರೀಕ್ಷಿಸಿದ್ದು, ಕೊನೆಗೆ ಡಿಎನ್‌ಎ ನೋಡಿ ಪ್ರಭೇದ ಗುರುತಿಸಿದ್ದು. ಐದಕ್ಕೂ ಮೂವತ್ತು ಮೂವತ್ತು ಸೆಕೆಂಡು ಹಂಚಿದ್ದಳು. ಅಚ್ಚುಕಟ್ಟಾಗಿತ್ತು, ಏನೂ ತಲೆಗೆ ಹತ್ತುತ್ತಿರಲಿಲ್ಲ.

ನಾನು ಕೇಳಿದ್ದು ಇಷ್ಟೇ: "ಈ ಐದರಾಗ ಯಾವುದನ್ನ ನಿಮ್ಮಪ್ಪ ಕೂತು ಎಣಿಸಬಹುದು?" ಆಕೆ ತಟ್ಟನೆ ಹೇಳಿದಳು, "ಕುಂಡ, ಸರ್. ಎಷ್ಟು ಸತ್ತಾವ, ಎಷ್ಟು ಉಳದಾವ." ಅದೇ ಉಳಿಯಿತು, ಮಿಕ್ಕದ್ದೆಲ್ಲ ಹೋಯಿತು. ಗಾಜಿನ ತಟ್ಟೆಯ ಪ್ರಯೋಗ ಬಿಡಲು ಆಕೆಗೆ ಸಂಕಟ, ಏಕೆಂದರೆ ಅದರ ಫೋಟೊ ಬಹಳ ಚೆಂದ. ಒಂದು ಕಡೆ ಬಿಳಿ, ಒಂದು ಕಡೆ ಹಸಿರು, ನಡುವೆ ಗೆರೆ ಕೊರೆದಂತೆ. ಆದರೆ ತಟ್ಟೆಯಲ್ಲಿ ಗೆದ್ದ ಟ್ರೈಕೋಡರ್ಮ ಮಣ್ಣಿನಲ್ಲೂ ಗೆಲ್ಲುತ್ತದೆ ಎಂದೇನಿಲ್ಲ. ಅಲ್ಲಿ ಅದಕ್ಕೆ ಊಟ ಹಾಕಿ, ಬೆಚ್ಚಗಿಟ್ಟು, ಬೇರೆ ಯಾವ ಪೈಪೋಟಿಯೂ ಇಲ್ಲದಂತೆ ನೋಡಿಕೊಂಡಿರುತ್ತೇವೆ. ತಟ್ಟೆ ತೋರಿಸಿದರೆ ಕೇಳುವವನ ಮುಂದಿನ ಪ್ರಶ್ನೆ "ಮತ್ತ ಗಿಡ ಉಳೀತೇನು?" ಎಂದೇ. ಹಾಗಿದ್ದ ಮೇಲೆ ನೇರವಾಗಿ ಗಿಡಕ್ಕೇ ಹೋಗಬಾರದೇಕೆ?

ಇತಿಹಾಸವನ್ನೂ ಬಿಟ್ಟೆವು. ನೆಟೆ ತರುವ ಶಿಲೀಂಧ್ರಕ್ಕೆ 1910ರಲ್ಲಿ ಬಟ್ಲರ್ ಎಂಬ ವಿಜ್ಞಾನಿ ಹೆಸರಿಟ್ಟ ಸಂಗತಿ ನನಗೆ ಪ್ರಿಯವಾದದ್ದು, ತರಗತಿಯಲ್ಲಿ ಹೇಳುತ್ತೇನೆ. ಮೂರು ನಿಮಿಷದಲ್ಲಿ ಅವರಿಗೆ ಜಾಗವಿಲ್ಲ.

ಮೊದಲ ವಾಕ್ಯ ಹೇಗಿರಬೇಕು?

ಆಕೆಯ ಮೊದಲ ಕರಡು: "ಕಲಬುರಗಿ ಜಿಲ್ಲೆಯನ್ನು ತೊಗರಿಯ ಕಣಜ ಎಂದು ಕರೆಯುತ್ತಾರೆ." ನಿಜವೇ, ಆದರೆ ಈ ಊರಿನ ಯಾವ ಭಾಷಣವೂ ಆ ವಾಕ್ಯವಿಲ್ಲದೆ ಶುರುವಾಗುವುದಿಲ್ಲ. ಕೇಳುವವರ ಕಿವಿ ಅಲ್ಲೇ ಮುಚ್ಚುತ್ತದೆ.

ನೆಟೆ ಮೊದಲು ಕಂಡದ್ದು ಎಲ್ಲಿ ಎಂದು ಕೇಳಿದೆ. ಆಕೆ ಹೇಳಿದ ಕಥೆಯೇ ಮಾತಿನ ಆರಂಭವಾಯಿತು. ತೊಗರಿ ಹೂ ಬಿಡುವ ಹೊತ್ತು. ನೆಲದಲ್ಲಿ ಹಸಿ ಇದೆ, ಆದರೂ ಗಿಡ ಬಾಡಿ ನಿಂತಿದೆ. ಅಪ್ಪ ಗಿಡ ಕಿತ್ತು ಕಾಂಡ ಸೀಳಿದಾಗ ಒಳಗೆ ಕರಿ ಗೆರೆ. ಇಲ್ಲಿ ಒಂದು ಒಗಟು ತಾನಾಗಿ ಬಂದಿದೆ ನೋಡಿ: ನೀರಿದ್ದೂ ಗಿಡ ನೀರಿಲ್ಲದಂತೆ ಸಾಯುವುದೇಕೆ? ಆ ಪ್ರಶ್ನೆ ಕೇಳುವವರ ತಲೆಯಲ್ಲಿ ಹುಟ್ಟಿದ ಮೇಲೆ ಮುಂದಿನ ಒಂದು ನಿಮಿಷ ನಿಮ್ಮದು. ಎಲ್ಲರಿಗೂ ಹೊಲದ ಕಥೆ ಇರುವುದಿಲ್ಲ, ಬೇಕೆಂದೂ ಇಲ್ಲ. ನಿಮ್ಮ ಕೆಲಸದಲ್ಲಿ "ಹೀಗಾಗಬೇಕಿತ್ತು, ಹಾಗಾಯಿತು" ಎಂಬ ಜಾಗ ಒಂದಿರುತ್ತದೆ. ಅಲ್ಲಿಂದ ಶುರು ಮಾಡಿ.

ಶಾಸ್ತ್ರದ ಪದಗಳನ್ನು ಪೂರ್ತಿ ಬಿಡಬೇಕೆ?

ಒಂದನ್ನು ಇಟ್ಟುಕೊಳ್ಳಿ. ಅದು ನಿಮ್ಮ ಕಥೆಯ ನಾಯಕನ ಹೆಸರಾಗಿರಲಿ. ಇಲ್ಲಿ ಅದು ಟ್ರೈಕೋಡರ್ಮ, ಏಕೆಂದರೆ ಕೇಳಿದವನು ನಾಳೆ ಅದನ್ನು ಹೆಸರು ಹಿಡಿದು ವಿಚಾರಿಸಬಹುದು. ಫ್ಯುಸೇರಿಯಂ ಬೇಡ, "ನೆಟೆ ತರುವ ಬೂಷ್ಟು" ಎಂದರೆ ಸಾಕು. ಕ್ಸೈಲಂ ಬೇಡ, "ನೀರು ಏರುವ ಕೊಳವೆ". ಶಿಲೀಂಧ್ರ ಎಂಬ ಪದವೂ ಪುಸ್ತಕದಲ್ಲಿ ಚೆಂದ, ಬಾಯಲ್ಲಿ ತೊಡರುತ್ತದೆ. ರೊಟ್ಟಿಗೆ ಬರುವ ಬೂಷ್ಟು ಎಲ್ಲರಿಗೂ ಗೊತ್ತು.

ಹಾಗೆಯೇ, ಪುಸ್ತಕದಲ್ಲಿ ಸೊರಗು ರೋಗ ಎಂದಿದ್ದರೂ ಇಲ್ಲಿ ನೆಟೆ ಅನ್ನಿ. ಆದರೆ ಗೊಡ್ಡು ರೋಗದ ಜೊತೆ ಅದನ್ನು ಕಲಸಬೇಡಿ. ಗೊಡ್ಡು ಬೇರೆ, ಅದನ್ನು ಹರಡುವುದು ಕಣ್ಣಿಗೆ ಕಾಣದ ನುಸಿ. ಗೊಡ್ಡು ಬಂದ ಗಿಡ ಸಾಯುವುದಿಲ್ಲ, ಹೂ ಕಾಯಿ ಬಿಡದೆ ಹಸಿರಾಗಿ ನಿಂತಿರುತ್ತದೆ. ಒಮ್ಮೆ ಬಾಯಿ ತಪ್ಪಿದರೂ ಮುಂದಿನ ಸಾಲಿನ ರೈತರು ನಿಮ್ಮನ್ನು ನಂಬುವುದು ಬಿಡುತ್ತಾರೆ.

ಹೋಲಿಕೆ ಕೊಟ್ಟರೆ ಒಳ್ಳೆಯದಲ್ಲವೇ? ಎಷ್ಟು ಕೊಡಬಹುದು?

ಒಂದು. ಎರಡು ಕೊಟ್ಟರೆ ಒಂದನ್ನೊಂದು ತಿನ್ನುತ್ತವೆ.

ಆಕೆ ಮೊದಲು "ಹೃದಯಾಘಾತದಂತೆ" ಎಂದು ಬರೆದಿದ್ದಳು. ರಕ್ತನಾಳದಲ್ಲಿ ಕೊಬ್ಬು ಕಟ್ಟಿದಂತೆ ಗಿಡದ ನಾಳ ಕಟ್ಟುತ್ತದೆ ಎಂಬ ಅರ್ಥದಲ್ಲಿ. ಆದರೆ ಹೃದಯಾಘಾತ ಅಂದೊಡನೆ ಜನ ತಟ್ಟನೆ ಸಾಯುವುದನ್ನು ನೆನೆಯುತ್ತಾರೆ, ನೆಟೆ ಹತ್ತಿದ ಗಿಡ ಒಳಗೊಳಗೇ ಹದಗೆಟ್ಟು ಆಮೇಲೆ ಬಾಡುತ್ತದೆ. ಕೊನೆಗೆ ಬೋರ್‌ವೆಲ್ ಪೈಪು ಕಟ್ಟಿದ ಹೋಲಿಕೆಗೆ ಬಂದೆವು: ಕೆಳಗೆ ನೀರಿದೆ, ಮೇಲೆ ಬರುತ್ತಿಲ್ಲ. ಇದು ಈ ಸೀಮೆಯಲ್ಲಿ ವಿವರಣೆ ಬೇಡದ ಚಿತ್ರ.

ಆದರೆ ಯಾವ ಹೋಲಿಕೆಯನ್ನೂ ಅದು ಮುರಿಯುವ ತನಕ ಎಳೆದು ನೋಡಿ ಆಮೇಲೆ ವೇದಿಕೆಗೆ ತನ್ನಿ. ಪೈಪಿನಲ್ಲಿ ಕಟ್ಟುವ ಹೂಳು ಬೆಳೆಯುವುದಿಲ್ಲ, ಬೂಷ್ಟು ಬೆಳೆಯುತ್ತದೆ. ಅಷ್ಟೇ ಅಲ್ಲ, ಕೊಳವೆ ಮುಚ್ಚುವುದರಲ್ಲಿ ಗಿಡದ ಪಾಲೂ ಇದೆ. ಒಳನುಗ್ಗಿದ್ದನ್ನು ತಡೆಯಲು ಗಿಡವೇ ಅಂಟು ಸುರಿಸುತ್ತದೆ, ಕೊಳವೆಯೊಳಗೆ ಉಬ್ಬುಗಳನ್ನು ಬೆಳೆಸುತ್ತದೆ, ಆ ತಡೆಗೋಡೆ ತನ್ನ ನೀರನ್ನೂ ತಡೆಯುತ್ತದೆ. ತೀರ್ಪುಗಾರರಲ್ಲಿ ಯಾರಾದರೂ "ಪೈಪು ತಾನೇ ಕಟ್ಟಿಕೊಳ್ಳುತ್ತದೆಯೇ?" ಎಂದು ಕೇಳಿದರೆ ಈ ಉತ್ತರ ನಿಮ್ಮ ಬಳಿ ಇರಬೇಕು. ಮಾತಿನೊಳಗೆ ಹಾಕುವ ಅಗತ್ಯವಿಲ್ಲ. ಆಕೆ ಕೊನೆಯ ಕರಡಿನಲ್ಲಿ ಬೋರ್‌ವೆಲ್ ಎಂಬ ಪದವನ್ನೂ ತೆಗೆದು "ಕೊಳವೆ" ಮಾತ್ರ ಉಳಿಸಿದಳು. ಚಿತ್ರ ತಾನಾಗಿ ಮೂಡುತ್ತದೆ ಎಂದು ವಾದಿಸಿದಳು. ಆಕೆಯೇ ಸರಿ.

ಅಂಕಿ ಎಷ್ಟು ಹೇಳಬಹುದು? ಶೇಕಡಾದಲ್ಲಿ ಹೇಳಲೇ?

ನಮ್ಮ ಮಾದರಿಯಲ್ಲಿ 20 ಕುಂಡದಲ್ಲಿ ಬರೀ ಬೀಜ, 20ರಲ್ಲಿ ಟ್ರೈಕೋಡರ್ಮ ಸವರಿದ ಬೀಜ. ಮೊದಲನೆಯದರಲ್ಲಿ 14 ಗಿಡ ಸತ್ತವು, ಎರಡನೆಯದರಲ್ಲಿ 5. ಇದನ್ನೇ "ಸಾವಿನಲ್ಲಿ ಶೇ. 64 ಇಳಿಕೆ" ಎಂದೂ ಹೇಳಬಹುದು, ಲೆಕ್ಕ ತಪ್ಪಿಲ್ಲ. ಆದರೆ ಹಾಗೆ ಹೇಳಿದಾಗ ಕುಂಡಗಳು ಇಪ್ಪತ್ತೇ ಇದ್ದವೆಂಬುದು ಮುಚ್ಚಿಹೋಗುತ್ತದೆ. 20ರಲ್ಲಿ 14, 20ರಲ್ಲಿ 5 ಎಂದರೆ ಕೇಳುವವನು ಮನಸ್ಸಿನಲ್ಲೇ ಕುಂಡಗಳನ್ನು ಸಾಲಾಗಿ ಇಟ್ಟು ನೋಡುತ್ತಾನೆ. ಪ್ರಯೋಗ ಚಿಕ್ಕದು ಎಂಬುದೂ ಅವನಿಗೆ ಗೊತ್ತಾಗುತ್ತದೆ.

"ಸಂಖ್ಯಾಶಾಸ್ತ್ರೀಯವಾಗಿ ಮಹತ್ವದ ವ್ಯತ್ಯಾಸ" ಎಂಬ ಮಾತನ್ನು ಈ ಸಭೆಯಲ್ಲಿ ಆಡಬೇಡಿ. ಮಹತ್ವ ಎಂದರೆ ಜನ ದೊಡ್ಡದು ಎಂದುಕೊಳ್ಳುತ್ತಾರೆ. ಯಾರಾದರೂ ಕೇಳಿದರೆ ಹೀಗೆ ಹೇಳಿ: ಟ್ರೈಕೋಡರ್ಮಕ್ಕೆ ಏನೂ ಗುಣವೇ ಇಲ್ಲದಿದ್ದರೂ, ಬರೀ ಅದೃಷ್ಟದಿಂದ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣಿಸುವ ಸಂಭವ ನೂರಕ್ಕೆ ಒಂದರಷ್ಟು. ಈ 14 ಮತ್ತು 5ಕ್ಕೆ ಫಿಶರ್ ಪರೀಕ್ಷೆ ಹಾಕಿದರೆ ಸರಿಸುಮಾರು ಅಷ್ಟೇ ಬರುತ್ತದೆ, ನೀವೂ ಮಾಡಿ ನೋಡಿ.

ಪೂರ್ತಿ ಮಾತು ಹೇಗಿರುತ್ತದೆ? ಒಂದು ಮಾದರಿ ಕೊಡಿ.

ಆಕೆಯ ಕೊನೆಯ ಕರಡು ಇದು, ಅಂಕಿ ಮಾತ್ರ ನನ್ನವು. ಆಕೆ ಮಾತಾಡುವ ಕನ್ನಡದಲ್ಲೇ ಇದೆ, ತಿದ್ದಿಲ್ಲ.

"ದೀಪಾವಳಿ ಹೊತ್ತಿಗೆ ನಮ್ಮ ಹೊಲದಾಗ ತೊಗರಿ ಹೂ ಬಿಟ್ಟಿತ್ತು. ನೆಲದಾಗ ಹಸಿ ಇತ್ತು. ಆದರೂ ಒಂದು ಸಾಲು ಗಿಡ ನೀರು ಕಾಣದಂಗ ಬಾಡಿ ನಿಂತಿತ್ತು. ಅಪ್ಪ ಒಂದು ಗಿಡ ಕಿತ್ತು, ಕುಡಗೋಲಿಲೆ ಕಾಂಡ ಸೀಳಿ ತೋರಿಸಿದ. ಒಳಗ ಕರಿ ಗೆರಿ. 'ನೆಟೆ ಹತ್ಯಾದ' ಅಂದ.

ನೆಟೆ ತರೋದು ಒಂದು ಬೂಷ್ಟು. ಮಣ್ಣಿನಾಗ ಇರತದ. ಬೇರಿನಿಂದ ಒಳಗ ಹೋಗಿ, ನೀರು ಏರೋ ಕೊಳವಿಯಾಗ ಬೆಳೀತದ. ಕೊಳವಿ ಕಟ್ಟಿತಂದ್ರ, ಕೆಳಗ ನೀರಿದ್ರೂ ಮ್ಯಾಲಿನ ಎಲಿಗೆ ಮುಟ್ಟಂಗಿಲ್ಲ. ಬೆಳಿ ತೆಗೆದ ಮ್ಯಾಲೂ ಆ ಬೂಷ್ಟು ಕೂಳ್ಯಾಗ, ಮಣ್ಣಾಗ ವರ್ಷಗಟ್ಟಲೆ ಉಳೀತದ. ಔಷಧ ಹೊಡೀಬೇಕಂದ್ರ, ಅದು ಇರೋದು ಕಾಂಡದ ಒಳಗ, ನೆಲದ ಕೆಳಗ.

ಅದಕ್ಕ ನಾ ಕೇಳಿದ್ದು ಒಂದೇ ಪ್ರಶ್ನೆ. ಬೂಷ್ಟನ್ನೇ ತಿನ್ನೋ ಇನ್ನೊಂದು ಬೂಷ್ಟನ್ನ ಬೀಜಕ್ಕ ಸವರಿ ಬಿತ್ತಿದರ ಗಿಡ ಉಳೀತದೇನು? ಅದರ ಹೆಸರು ಟ್ರೈಕೋಡರ್ಮ. ಹಸಿರು ಬಣ್ಣದ್ದು, ನಮ್ಮ ಮಣ್ಣಾಗೇ ಇರೋದು. ಬ್ಯಾರೆ ಬೂಷ್ಟಿನ ಎಳಿಗೆ ಬಳ್ಳಿಯಂಗ ಸುತ್ತಿಕೊಂಡು, ಅದನ್ನ ಕರಗಿಸಿ ತಿಂತದ.

40 ಕುಂಡ ತಗೊಂಡೆ. ಎಲ್ಲಾದರಾಗೂ ನೆಟೆ ಹತ್ತಿದ ಹೊಲದ ಮಣ್ಣು, ಒಂದೊಂದರಾಗ ಒಂದೊಂದು ಗಿಡ. 20ರಾಗ ಬರೀ ಬೀಜ. 20ರಾಗ ಟ್ರೈಕೋಡರ್ಮ ಸವರಿದ ಬೀಜ. ಬರೀ ಬೀಜದ 20ರಾಗ 14 ಸತ್ತವು. ಸವರಿದ 20ರಾಗ ಐದು.

ಐದು ಸತ್ತಾವ, ಮರೀಬ್ಯಾಡ್ರಿ. ಇದು ಪೂರ್ತಿ ಮದ್ದಲ್ಲ. ಮತ್ತ ಇವು ಕುಂಡದ ಗಿಡ. ಕುಂಡಕ್ಕ ನಾ ದಿನಾ ನೀರು ಹಾಕೀನಿ, ಹೊಲದಾಗ ಮಳಿ ನನ್ನ ಮಾತು ಕೇಳಂಗಿಲ್ಲ. ಬರೋ ಮುಂಗಾರಿಗೆ ಅಪ್ಪನ ಹೊಲದಾಗ, ನೆಟೆ ಹತ್ತಿದ ಅದೇ ಸಾಲಿನಾಗ, ಎರಡೂ ಬೀಜ ಬಾಜೂ ಬಾಜೂ ಬಿತ್ತತೀನಿ. ದೀಪಾವಳಿಗೆ ಕುಡಗೋಲು ತಗೊಂಡು ಹೋಗಿ ನೋಡತೀನಿ."

ಇದು ಬಹಳ ಚಿಕ್ಕದಾಯಿತಲ್ಲ? ಮೂರು ನಿಮಿಷಕ್ಕೆ ಎಷ್ಟು ಪದ ಬೇಕು?

ಕನ್ನಡದ ಪದ ಉದ್ದ. ಇಂಗ್ಲಿಷ್‌ನಲ್ಲಿ ಮೂರು ನಾಲ್ಕು ಪದದಲ್ಲಿ ಹೇಳುವುದನ್ನು ನಾವು "ಮುಟ್ಟಂಗಿಲ್ಲ" ಎಂಬ ಒಂದೇ ಪದದಲ್ಲಿ ಮುಗಿಸುತ್ತೇವೆ. ಹಾಗಾಗಿ ಇಂಗ್ಲಿಷ್ ಮಾತಿಗೆ ಹೇಳುವ ಪದಗಳ ಲೆಕ್ಕ ನಮಗೆ ಹೊಂದುವುದಿಲ್ಲ. ನಮ್ಮ ವಿದ್ಯಾರ್ಥಿಗಳ ಮಾತನ್ನು ಮೊಬೈಲ್‌ನಲ್ಲಿ ಹಿಡಿದು ಎಣಿಸಿ ನೋಡಿದ್ದೇನೆ. ಸಮಾಧಾನವಾಗಿ ಮಾತಾಡುವವರು ನಿಮಿಷಕ್ಕೆ 90ರ ಆಸುಪಾಸು ಪದ ಆಡುತ್ತಾರೆ. ಮೇಲಿನ ಮಾದರಿಯನ್ನು ನಿಂತು, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಹೇಳಿದರೆ ಎರಡು ನಿಮಿಷದ ಹತ್ತಿರ ಹೋಗುತ್ತದೆ. ಉಳಿದ ಒಂದು ನಿಮಿಷ ದಂಡವಲ್ಲ. ಜನ ನಕ್ಕಾಗ ಕಾಯಬೇಕು, "14 ಸತ್ತವು" ಎಂದ ಮೇಲೆ ಒಂದು ಉಸಿರು ಬಿಡಬೇಕು, ಮೈಕು ಕಿರುಚಿದರೆ ವಾಕ್ಯ ಮತ್ತೆ ಹೇಳಬೇಕು.

ಕೂತು ಮನಸ್ಸಿನಲ್ಲೇ ಓದಿ ಸಮಯ ನೋಡಬೇಡಿ, ಯಾವಾಗಲೂ ಕಡಿಮೆ ತೋರಿಸುತ್ತದೆ. ವೇದಿಕೆಯ ಮೇಲಿನ ಗಾಬರಿಯಲ್ಲಿ ಕೆಲವರು ಓಡುತ್ತಾರೆ, ಕೆಲವರು ಎಳೆಯುತ್ತಾರೆ. ನೀವು ಯಾವ ಜಾತಿ ಎಂಬುದು ಹತ್ತು ಜನರ ಮುಂದೆ ನಿಂತಾಗಲೇ ಗೊತ್ತಾಗುವುದು.

ಕೊರತೆಯನ್ನು ನಾವೇ ಹೇಳಿಕೊಂಡರೆ ಅಂಕ ಹೋಗುವುದಿಲ್ಲವೇ?

ಈ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ನಮ್ಮ ಲ್ಯಾಬ್ ಅಟೆಂಡರ್ ಅವರಿಂದ.

ಎರಡನೆಯ ಕರಡಿನಲ್ಲಿ ಕೊನೆಯ ಭಾಗ ಇರಲಿಲ್ಲ. "ಸವರಿದ 20ರಾಗ ಐದು ಮಾತ್ರ ಸತ್ತವು" ಎಂಬಲ್ಲಿಗೆ ಮುಗಿಯುತ್ತಿತ್ತು, ಚಪ್ಪಾಳೆಗೆ ಹದವಾಗಿ. ಅಟೆಂಡರ್ ಅವರನ್ನು ಕೂರಿಸಿ ಮಾತು ಕೇಳಿಸಿದೆವು. ಮರುದಿನ ಬೆಳಿಗ್ಗೆ ನಾನು ಕೇಳಿದೆ, "ನಿನ್ನೆ ಆ ಹುಡುಗಿ ಏನು ಹೇಳಿದಳ್ರೀ?" ಅವರು ಚೊಕ್ಕವಾಗಿ ಹೇಳಿದರು: "ಬೂಷ್ಟಿಗೆ ಬೂಷ್ಟು ಹಚ್ಚಿ ಕೊಲ್ಲೋದು ಸರ್." ನನಗೆ ಖುಷಿಯಾಯಿತು. ಅಷ್ಟರಲ್ಲಿ ಅವರು ಮುಂದುವರಿಸಿದರು: "ಯಾವ ಅಂಗಡ್ಯಾಗ ಸಿಗತದ್ರಿ? ಈ ಸಲ ಬ್ಯಾರೆ ಏನೂ ಮಾಡದೇ ಇದನ್ನೇ ಹಚ್ಚಿ ಬಿತ್ತಿಬಿಡತೀನಿ. ನಮ್ಮಲ್ಲಿ ನಾಲ್ಕು ಎಕರೆ ತೊಗರಿ ಅದ."

ಹುಡುಗಿ ಸುಳ್ಳು ಹೇಳಿರಲಿಲ್ಲ. ಆದರೆ ಕುಂಡ ಎಂಬ ಪದ ಅವರ ಕಿವಿಯಲ್ಲಿ ಉಳಿದೇ ಇರಲಿಲ್ಲ. ಇಪ್ಪತ್ತು ಕುಂಡ ನಾಲ್ಕು ಎಕರೆಯಾಗಿಬಿಟ್ಟಿತ್ತು. ಟ್ರೈಕೋಡರ್ಮದಿಂದ ಬೀಜೋಪಚಾರ ಮಾಡಿ ಎಂದು ಕೃಷಿ ಇಲಾಖೆಯವರೂ ಹೇಳುತ್ತಾರೆ, ಅದು ಹೊಸದಲ್ಲ. ಆದರೆ ಅದೊಂದನ್ನೇ ನಂಬಿ ಕೂರಲು ಅವರೂ ಹೇಳುವುದಿಲ್ಲ. ನೆಟೆ ತಡೆಯುವ ತಳಿ ಬಿತ್ತಬೇಕು, ಬೆಳೆ ಬದಲಿಸಬೇಕು, ಜೋಳದ ಜೊತೆ ಅಥವಾ ಜೋಳದ ನಂತರ ತೊಗರಿ ಹಾಕಬೇಕು. ಮಣ್ಣಿನಲ್ಲಿ ಹಸಿ, ಗೊಬ್ಬರ ಇಲ್ಲದಿದ್ದರೆ ಟ್ರೈಕೋಡರ್ಮ ಬೆಳೆಯುವುದೂ ಇಲ್ಲ. ಆ ದಿನವೇ "ಐದು ಸತ್ತಾವ, ಮರೀಬ್ಯಾಡ್ರಿ" ಎಂಬ ಭಾಗ ಸೇರಿತು. "ಮಾತ್ರ" ಎಂಬ ಪದ ಹೋಯಿತು. ಮತ್ತೆ ಅಟೆಂಡರ್ ಅವರಿಗೆ ಕೇಳಿಸಿದೆವು. ಈ ಸಲ ಅವರು ಹೇಳಿದ್ದು: "ಮುಂದಿನ ವರ್ಷ ಅವರಪ್ಪನ ಹೊಲದಾಗ ಏನಾಗತದ ನೋಡ್ರಿ, ಆಮ್ಯಾಲ ನಾ ಹಾಕತೀನಿ."

ನಿಮ್ಮ ಮಾತನ್ನೂ ಹೀಗೇ ಪರೀಕ್ಷಿಸಿ. ಕೇಳಿದ ತಕ್ಷಣ ಅಲ್ಲ, ಒಂದು ರಾತ್ರಿ ಕಳೆದ ಮೇಲೆ ಅವರ ಬಾಯಲ್ಲಿ ಏನು ಉಳಿದಿದೆ ಎಂದು ಕೇಳಿ. "ಚೊಲೊ ಇತ್ತು" ಎಂದಷ್ಟೇ ಅಂದರೆ ಏನೂ ಉಳಿದಿಲ್ಲ ಎಂದರ್ಥ.

ಅಂಕದ ಮಾತು: ಇಲ್ಲ, ಹೋಗುವುದಿಲ್ಲ. ತೀರ್ಪುಗಾರರು ಕೊರತೆ ಹುಡುಕಿಯೇ ಹುಡುಕುತ್ತಾರೆ. ನೀವೇ ಹೇಳಿದ್ದರೆ ಅವರಿಗೆ ಕೇಳಲು ಬೇರೆ, ಒಳ್ಳೆಯ ಪ್ರಶ್ನೆ ಬೇಕಾಗುತ್ತದೆ.

ಸೀಳಿದ ಕಾಂಡವನ್ನು ವೇದಿಕೆಗೆ ತರಬಹುದೇ?

ಇಲ್ಲ. ಫೋಟೊ ತೆಗೆದು ಸ್ಲೈಡಿಗೆ ಹಾಕಿ.

ಸ್ಲೈಡಿನಲ್ಲಿ ಏನಿರಬೇಕು?

ಆಕೆಯದರಲ್ಲಿ ಒಂದೇ ಫೋಟೊ ಇತ್ತು: ಅಕ್ಕಪಕ್ಕ ಇಟ್ಟ ಎರಡು ಸೀಳಿದ ಕಾಂಡ, ಒಂದು ಒಳಗೆ ಬೆಳ್ಳಗೆ, ಒಂದು ಕಪ್ಪು ಗೆರೆಯದು. ಅಕ್ಷರವೇ ಇರಲಿಲ್ಲ. ನೆಟೆ ಹತ್ತಿದ ಕಾಂಡದ ಹೊರಗೆ, ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿಯೊಂದು ಏರುತ್ತದೆ. ರೋಗ ಗುರುತಿಸಲು ಅದು ಒಳ್ಳೆಯ ಲಕ್ಷಣ, ಆಕೆ ಮೊದಲು ಅದನ್ನೇ ಹಾಕಿದ್ದಳು. ಆದರೆ ನಮ್ಮ ಪ್ರೊಜೆಕ್ಟರ್‌ನಲ್ಲಿ, ಹಗಲು ಹೊತ್ತು, ಪರದೆ ಸರಿಯಾಗಿ ಮುಚ್ಚದ ಕಿಟಕಿಗಳ ನಡುವೆ, ನೇರಳೆ ಮತ್ತು ಕಂದು ಒಂದೇ ಆಗಿ ಕಂಡವು. ಕಪ್ಪು ಬಿಳುಪು ಎಲ್ಲಿಂದಲೂ ಕಾಣುತ್ತದೆ. ಹಿಂದಿನ ದಿನ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತು ನೋಡಿದ್ದಕ್ಕೆ ಇದು ಸಿಕ್ಕಿತು.

ಕನ್ನಡ ಅಕ್ಷರ ಹಾಕುವುದಾದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದ ಸ್ಲೈಡನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ "ಕನ್ನಡ" ಎಂಬುದು `PÀ£ÀßqÀ` ಎಂದು ಕಾಣುತ್ತದೆ. ಒಬ್ಬ ಹುಡುಗ ಮೂರೂ ನಿಮಿಷ ಆ ಚಿತ್ರಲಿಪಿಯ ಮುಂದೆ ನಿಂತು ಮಾತಾಡಿದ, ಪಾಪ. ಏನೇ ಮಾಡಿದರೂ ಕೊನೆಗೆ ಪಿಡಿಎಫ್ ಆಗಿ ಉಳಿಸಿ, ಅದನ್ನೇ ಕೊಡಿ.

ಕರೆಂಟು ಹೋದರೆ? ಸ್ಲೈಡ್ ಇಲ್ಲದೆಯೂ ಮಾತು ನಿಲ್ಲುವಂತಿರಬೇಕು. "ಇಲ್ಲಿ ನೋಡ್ರಿ" ಎಂಬ ವಾಕ್ಯ ಮಾದರಿಯಲ್ಲಿ ಎಲ್ಲೂ ಇಲ್ಲದಿರುವುದು ಅದಕ್ಕೇ.

ಇಂಗ್ಲಿಷ್‌ನಲ್ಲಿ ಮಾತಾಡಿದರೆ ಹೆಚ್ಚು ಅಂಕವೇ? ನಮ್ಮ ಕಡೆ ಕನ್ನಡ ನಡೆಯುತ್ತದೆಯೇ?

ಅಂಕಪಟ್ಟಿಯಲ್ಲಿ ಭಾಷೆಗೆ ಕಲಮೇ ಇಲ್ಲ. ಹೊರಗಿನ ಸ್ಪರ್ಧೆಗೆ ಹೋಗುವವರು ಇಂಗ್ಲಿಷ್‌ನಲ್ಲೂ ತಯಾರು ಮಾಡಿಕೊಳ್ಳಿ, ಆದರೆ ಅನುವಾದ ಮಾಡಬೇಡಿ, ಬೇರೆಯಾಗಿಯೇ ಕಟ್ಟಿ. ನಮ್ಮ ಕಡೆಯ ಕನ್ನಡ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಆದರೆ ಮನೆಯಲ್ಲಿ ಹಾಗೆ ಮಾತಾಡದವರು ವೇದಿಕೆಗಾಗಿ "ಏನ್ರಿಪಾ" ಎಂದು ಶುರು ಮಾಡಿದರೆ ಜನರಿಗೆ ತಕ್ಷಣ ಗೊತ್ತಾಗುತ್ತದೆ.

ನಡುವೆ ಮರೆತುಹೋದರೆ?

ಪದ ಪದ ಬಾಯಿಪಾಠ ಮಾಡಿದವರೇ ಮರೆಯುವುದು, ಒಂದು ಕೊಂಡಿ ತಪ್ಪಿದರೆ ಸರಪಳಿಯೇ ಹೋಗುತ್ತದೆ. ಮೊದಲ ಎರಡು ವಾಕ್ಯ, ಅಂಕಿ ಇರುವ ವಾಕ್ಯ ಮತ್ತು ಕೊನೆಯ ವಾಕ್ಯ ಬಾಯಿಗೆ ಬರಲಿ. ಉಳಿದದ್ದನ್ನು ಜಾಗಗಳಾಗಿ ನೆನಪಿಡಿ: ಹೊಲ, ಕಾಂಡದ ಒಳಗೆ, ಬೀಜ, ಕುಂಡ, ಮತ್ತೆ ಹೊಲ. ಮರೆತಾಗ ಮುಂದಿನ ಜಾಗಕ್ಕೆ ಹೋಗಿಬಿಡಿ. ಬಿಟ್ಟದ್ದು ಯಾರಿಗೂ ತಿಳಿಯುವುದಿಲ್ಲ, ನೀವು "ಕ್ಷಮಿಸಿ" ಎನ್ನದಿದ್ದರೆ.

ಆಮೇಲೆ ಪ್ರಶ್ನೆ ಕೇಳುತ್ತಾರೆಯೇ?

ನಮ್ಮಲ್ಲಿ ಒಂದೇ ಒಂದು ಪ್ರಶ್ನೆಗೆ ಅವಕಾಶ, ಅದಕ್ಕೆ ಅಂಕವಿಲ್ಲ. ಆದರೂ ಮಾತಿನಿಂದ ಕಿತ್ತು ಹಾಕಿದ್ದೆಲ್ಲ ಇಲ್ಲಿ ಬೇಕಾಗುತ್ತದೆ.

ಆಕೆಗೆ ತಾಲೀಮಿನಲ್ಲಿ ಬಂದ ಗಟ್ಟಿ ಪ್ರಶ್ನೆ: "ಸತ್ತ ಗಿಡ ನೆಟೆಯಿಂದಲೇ ಸತ್ತಿತು ಎಂದು ಹೇಗೆ ಹೇಳ್ತೀ? ನೀರು ಹೆಚ್ಚಾಗಿ ಬೇರು ಕೊಳೆತಿದ್ದರೆ?" ಉತ್ತರ ಆಕೆಯ ನೋಟ್‌ಬುಕ್ಕಿನಲ್ಲಿತ್ತು. ಸತ್ತ ಪ್ರತಿ ಗಿಡದ ಕಾಂಡ ಸೀಳಿ ಗೆರೆ ನೋಡಿದ್ದಳು. ಅಷ್ಟಕ್ಕೇ ಬಿಡದೆ, ಕಾಂಡದ ಚೂರನ್ನು ಹೊರಮೈ ತೊಳೆದು, ಗಾಜಿನ ತಟ್ಟೆಯಲ್ಲಿಟ್ಟು, ಒಳಗಿಂದ ಅದೇ ಬೂಷ್ಟು ಮತ್ತೆ ಬೆಳೆದು ಬರುತ್ತದೆಯೇ ಎಂದೂ ನೋಡಿದ್ದಳು. ಮಾತಿನಲ್ಲಿ ಇದಕ್ಕೆ ಜಾಗವಿರಲಿಲ್ಲ, ಉತ್ತರದಲ್ಲಿ ಇತ್ತು.

ಇನ್ನೊಂದನ್ನು ಸಭೆಯಲ್ಲಿದ್ದ ರೈತರೊಬ್ಬರು ಕೇಳಿದರು. ಅಂಗಡಿಯಿಂದ ತಂದ ಬೀಜಕ್ಕೆ ಆಗಲೇ ಔಷಧ ಹಚ್ಚಿರುತ್ತದಲ್ಲ, ಅದರ ಮೇಲೇ ಇದನ್ನೂ ಹಚ್ಚಬಹುದೇ ಎಂದು. ಟ್ರೈಕೋಡರ್ಮವೂ ಬೂಷ್ಟೇ. ಕಾರ್ಬೆಂಡಜಿಮ್‌ನಂಥ ಬೂಷ್ಟುನಾಶಕ ಹಚ್ಚಿದ್ದರೆ ಅದು ಇದನ್ನೂ ಕೊಲ್ಲುತ್ತದೆ. ಹುಡುಗಿ ಅಷ್ಟನ್ನೇ ಹೇಳಿ, ಚೀಟಿಯಲ್ಲಿ ಯಾವ ಔಷಧದ ಹೆಸರಿದೆ ನೋಡಿ ಬನ್ನಿ ಎಂದಳು. ಅವರು ಮುಂದಿನ ಸೋಮವಾರ ಬೀಜದ ಖಾಲಿ ಚೀಲ ಮಡಚಿಕೊಂಡು ವಿಭಾಗಕ್ಕೆ ಬಂದಿದ್ದರು.

ನಾನು ಬಿ.ಎಸ್ಸಿ., ಸಂಶೋಧನೆ ಎಂದು ಏನೂ ಮಾಡಿಲ್ಲ. ಭಾಗವಹಿಸಬಹುದೇ?

ಪ್ರಾಜೆಕ್ಟ್‌ನಲ್ಲಿ ನೀವೇ ಅಳೆದ, ಎಣಿಸಿದ ಒಂದು ಸಂಗತಿ ಇದ್ದರೆ ಸಾಕು. ಬೇರೆಯವರ ಸಂಶೋಧನೆ ಓದಿ ಹೇಳುವುದಾದರೆ ಅದು ಉಪನ್ಯಾಸ ಸ್ಪರ್ಧೆ, ಅದರ ಪಟ್ಟಿ ಗ್ರಂಥಾಲಯದ ಪಕ್ಕದ ಫಲಕದಲ್ಲಿದೆ.

ಹೆಸರು ಕೊಡುವುದು ಯಾರ ಬಳಿ?

ನನ್ನ ಬಳಿ, ಫೆಬ್ರುವರಿ 15ರೊಳಗೆ, ಮಧ್ಯಾಹ್ನ ಮೂರರ ಮೇಲೆ. ಬರುವಾಗ ತಲೆಬರಹ ತರಬೇಡಿ, ಮೊದಲ ಮೂರು ವಾಕ್ಯ ತನ್ನಿ.